ತಿಂಗಳು ತುಂಬದ ಮಗುವಿನ ಉಸಿರು: ಒಂದೇ ಇಂಜೆಕ್ಷನ್, ಎರಡು ಉತ್ತರ

2014ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಮಾರ್ಗಸೂಚಿ ಹೊರಡಿಸಿತು. ಗರ್ಭ ಧರಿಸಿ 24ರಿಂದ 34 ವಾರದೊಳಗೆ ಹೆರಿಗೆ ನೋವು ಕಾಣಿಸಿಕೊಂಡರೆ ತಾಯಿಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬೇಕು. ಉಪಕೇಂದ್ರದ ಎಎನ್‌ಎಂ ಕೂಡ ಮೊದಲ ಡೋಸ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಬಹುದು ಎಂದು ಅದು ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಆರು ದೇಶಗಳ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಹಳ್ಳಿಮಟ್ಟದವರೆಗೆ ಈ ಇಂಜೆಕ್ಷನ್ ಒಯ್ದ ಕಡೆಗಳಲ್ಲಿ ಶಿಶುಗಳ ಸಾವು ಇಳಿದಿರಲಿಲ್ಲ, ತುಸು ಏರಿತ್ತು. ಆ ಪ್ರಯೋಗ ನಡೆದ ಜಾಗಗಳಲ್ಲಿ ನಮ್ಮ ಬೆಳಗಾವಿಯೂ ಒಂದು. ಆರು ವರ್ಷದ ನಂತರ, 2020ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಇನ್ನೊಂದು ಪ್ರಯೋಗದ ಫಲಿತಾಂಶ ಬಂತು. ಅದರಲ್ಲಿ ಇದೇ ಔಷಧಿ ಶಿಶುಗಳ ಜೀವ ಉಳಿಸಿತ್ತು. ಆ ಪ್ರಯೋಗದಲ್ಲೂ ಬೆಳಗಾವಿ ಇತ್ತು.

ಎರಡೂ ಫಲಿತಾಂಶ ನಿಜ. ಅದು ಹೇಗೆ ಎಂದು ತಿಳಿಯಬೇಕಾದರೆ ಅವಧಿಗೆ ಮುನ್ನ ಹುಟ್ಟಿದ ಮಗುವಿನ ಎದೆಯೊಳಗೆ ಏನು ನಡೆಯುತ್ತದೆ ಎಂಬಲ್ಲಿಂದ ಹೊರಡಬೇಕು. ಮೈಸೂರಿನ ಚೆಲುವಾಂಬ ಆಸ್ಪತ್ರೆಯಂಥ ಕಡೆ ಇದು ದಿನನಿತ್ಯದ ಪ್ರಶ್ನೆ. ಸುತ್ತಲಿನ ತಾಲ್ಲೂಕುಗಳಿಂದಲೂ ಚಾಮರಾಜನಗರ, ಮಂಡ್ಯ, ಕೊಡಗು ಜಿಲ್ಲೆಗಳಿಂದಲೂ ತಿಂಗಳು ತುಂಬದೆ ನೋವು ಬಂದ ಹೆಂಗಸರು ಅಲ್ಲಿಗೆ ಬರುತ್ತಾರೆ.

ಎದೆಯೊಳಗಿನ ತೊಂದರೆ

ಶ್ವಾಸಕೋಶದ ಕೊನೆಯ ಕವಲುಗಳಲ್ಲಿ ವಾಯುಕೋಶಗಳೆಂಬ ಅತಿ ಸಣ್ಣ ಚೀಲಗಳಿವೆ. ಅವುಗಳ ಒಳಗೋಡೆಗೆ ಸದಾ ತೆಳುವಾದ ನೀರಿನ ಪದರ ಅಂಟಿಕೊಂಡಿರುತ್ತದೆ. ನೀರಿನ ಅಣುಗಳು ಒಂದನ್ನೊಂದು ಸೆಳೆಯುವುದರಿಂದ ಈ ಪದರ ಚೀಲವನ್ನು ಒಳಮುಖವಾಗಿ ಎಳೆಯುತ್ತಿರುತ್ತದೆ. ಇದೇ ಮೇಲ್ಮೈ ಎಳೆತ. ಚೀಲ ಎಷ್ಟು ಚಿಕ್ಕದೋ ಅದನ್ನು ತೆರೆದಿಡಲು ಅಷ್ಟು ಹೆಚ್ಚಿನ ಒತ್ತಡ ಬೇಕು. ಹಾಗಾಗಿ ಉಸಿರು ಬಿಟ್ಟಾಗ ಕುಗ್ಗಿದ ಚೀಲ ಪೂರ್ತಿ ಮುಚ್ಚಿಹೋಗುವ ಅಪಾಯ ಇದ್ದೇ ಇರುತ್ತದೆ. ಮುಚ್ಚಿದರೆ ಒದ್ದೆ ಗಾಜಿನ ಎರಡು ಹಾಳೆ ಒಂದಕ್ಕೊಂದು ಅಂಟಿದ ಹಾಗೆ; ಮತ್ತೆ ಬಿಡಿಸಲು ಬಹಳ ಬಲ ಬೇಕು.

ಬಲಿತ ಶ್ವಾಸಕೋಶ ಈ ಎಳೆತವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ವಾಯುಕೋಶದ ಗೋಡೆಯಲ್ಲಿರುವ ‘ಟೈಪ್ 2’ ಎಂಬ ಜೀವಕೋಶಗಳು ಸರ್ಫ್ಯಾಕ್ಟಂಟ್ ಎಂಬ ಜಿಡ್ಡನ್ನು ಸ್ರವಿಸುತ್ತವೆ. ಅದರ ಬಹುಭಾಗ ಫಾಸ್ಫೊಲಿಪಿಡ್ ಜಾತಿಯ ಕೊಬ್ಬು, ಜೊತೆಗೆ ಅಲ್ಪ ಪ್ರಮಾಣದಲ್ಲಿ ವಿಶೇಷ ಪ್ರೋಟೀನುಗಳು. ನೀರಿನ ಪದರದ ಮೇಲೆ ಹರಡಿಕೊಂಡ ಈ ಜಿಡ್ಡು ಉಸಿರು ಬಿಟ್ಟಾಗ ಒತ್ತೊತ್ತಾಗಿ ಸೇರಿ ಮೇಲ್ಮೈ ಎಳೆತವನ್ನು ಹೆಚ್ಚುಕಡಿಮೆ ಸೊನ್ನೆಗೆ ತರುತ್ತದೆ. ಹಾಗಾಗಿ ಚೀಲ ಮುಚ್ಚುವುದಿಲ್ಲ, ಮುಂದಿನ ಉಸಿರು ಹಗುರಾಗುತ್ತದೆ. ಗರ್ಭದಲ್ಲಿ ಈ ತಯಾರಿ ಸುಮಾರು 24 ವಾರದ ಹೊತ್ತಿಗೆ ಆರಂಭವಾಗಿ, 34–35 ವಾರದ ಹೊತ್ತಿಗೆ ಬಹುತೇಕ ಮಕ್ಕಳಲ್ಲಿ ಸಾಕಷ್ಟಾಗುತ್ತದೆ.

ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಅದು ತಪ್ಪು. ಗರ್ಭದಲ್ಲಿ ಕಳೆದ ಪ್ರತಿ ವಾರವೂ ಶ್ವಾಸಕೋಶದ ಪಾಲಿಗೆ ಲಾಭವೇ. ಈ ನಂಬಿಕೆಯಿಂದ ಎಂಟನೇ ತಿಂಗಳ ಮಗುವಿನ ಮೇಲೆ ಆಸೆ ಬಿಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕು.

ಸರ್ಫ್ಯಾಕ್ಟಂಟ್ ಸಾಲದ ಮಗುವಿನ ಲಕ್ಷಣಗಳು ಹುಟ್ಟಿದ ಕೆಲವೇ ಗಂಟೆಯೊಳಗೆ ಕಾಣುತ್ತವೆ. ಉಸಿರು ನಿಮಿಷಕ್ಕೆ 60 ದಾಟುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಪ್ರತಿ ಉಸಿರಿಗೂ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತದೆ. ಉಸಿರು ಬಿಡುವಾಗ ಮಗು ಮುಲುಕುತ್ತದೆ. ಈ ಮುಲುಕು ನೋವಿನದಲ್ಲ. ಗಂಟಲನ್ನು ಅರ್ಧ ಮುಚ್ಚಿಕೊಂಡು ಗಾಳಿಯನ್ನು ಒಳಗೇ ತಡೆದು, ವಾಯುಕೋಶ ಮುಚ್ಚದಂತೆ ನೋಡಿಕೊಳ್ಳುವ ಪ್ರಯತ್ನ ಅದು. ಎದೆಯ ಗೂಡು ಇನ್ನೂ ಮೆತ್ತಗಿರುವುದರಿಂದ ಎಳೆದ ಬಲದಲ್ಲಿ ಒಂದಷ್ಟು ಪಾಲು ಗೂಡನ್ನು ಒಳಬಾಗಿಸುವುದರಲ್ಲೇ ಕಳೆದುಹೋಗುತ್ತದೆ. ಎಕ್ಸ್‌ರೇಯಲ್ಲಿ ಶ್ವಾಸಕೋಶ ಉಜ್ಜಿದ ಗಾಜಿನಷ್ಟು ಮಸುಕು, ನಡುವೆ ಗಾಳಿ ತುಂಬಿದ ಕವಲುಗಳು ಮಾತ್ರ ಕಪ್ಪು ಗೆರೆಗಳಾಗಿ ಕಾಣುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಎರಡು ಮೂರು ದಿನ ಸ್ಥಿತಿ ಬಿಗಡಾಯಿಸುತ್ತಲೇ ಹೋಗುತ್ತದೆ.

ಕಾರಣ ಹುಡುಕಿದ ದಾರಿ

ಸತ್ತ ಶಿಶುಗಳ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ ರೋಗಶಾಸ್ತ್ರಜ್ಞರಿಗೆ ವಾಯುಮಾರ್ಗದ ಗೋಡೆಗಂಟಿದ ಗುಲಾಬಿ ಪೊರೆಯೊಂದು ಕಾಣುತ್ತಿತ್ತು. ಬಹಳ ಕಾಲ ಆ ಪೊರೆಯನ್ನೇ ಕಾಯಿಲೆಯ ಕಾರಣವೆಂದು ಭಾವಿಸಿದ್ದರು. ಮಗು ಗರ್ಭದ ನೀರನ್ನೋ ಬೇರೇನನ್ನೋ ಒಳಗೆಳೆದುಕೊಂಡು ಪೊರೆ ಕಟ್ಟಿದೆ, ಅದರಿಂದ ಉಸಿರು ನಿಂತಿದೆ ಎಂಬುದು ಒಂದು ಪಂಥದ ವಾದ. ಶ್ವಾಸಕೋಶಕ್ಕೆ ರಕ್ತ ಹರಿಯುವುದು ಕಡಿಮೆಯಾಗುವುದೇ ಮೂಲ ಎಂದು 1960ರ ದಶಕದಲ್ಲಿ ಇನ್ನೊಂದು ಪಂಥ ವಾದಿಸಿತು. ಈ ವಾದಗಳು ಕಂಡದ್ದರಲ್ಲಿ ಸುಳ್ಳಿರಲಿಲ್ಲ. ಪೊರೆ ಇದ್ದದ್ದು ನಿಜ, ರಕ್ತಹರಿವು ಕುಗ್ಗಿದ್ದೂ ನಿಜ. ಆದರೆ ಅವು ಪರಿಣಾಮಗಳು. ಮತ್ತೆ ಮತ್ತೆ ಮುಚ್ಚಿ ತೆರೆದು ಗಾಯಗೊಂಡ ಗೋಡೆಯಿಂದ ಸೋರಿದ ಪ್ರೋಟೀನು ಪೊರೆಯಾಗುತ್ತದೆ.

ಸರಿಯಾದ ಸುಳಿವು ಭೌತಶಾಸ್ತ್ರದ ಕಡೆಯಿಂದ ಬಂತು. 1929ರಲ್ಲೇ ಕುರ್ಟ್ ಫಾನ್ ನೀರ್‌ಗಾರ್ಡ್ ಒಂದು ಸರಳ ಪ್ರಯೋಗ ಮಾಡಿದ್ದ. ಶ್ವಾಸಕೋಶವನ್ನು ಗಾಳಿಯಿಂದ ಉಬ್ಬಿಸುವುದಕ್ಕಿಂತ ದ್ರವದಿಂದ ಉಬ್ಬಿಸುವುದು ಬಹಳ ಸುಲಭ. ದ್ರವ ತುಂಬಿದಾಗ ಮೇಲ್ಮೈ ಎಳೆತವೇ ಇರುವುದಿಲ್ಲವಲ್ಲ. ಅವನ ಮಾತನ್ನು ಆಗ ಯಾರೂ ಗಮನಿಸಲಿಲ್ಲ. 1955ರಲ್ಲಿ ರಿಚರ್ಡ್ ಪ್ಯಾಟಲ್ ಶ್ವಾಸಕೋಶದಿಂದ ಬಂದ ನೊರೆಯ ಗುಳ್ಳೆಗಳು ಒಡೆಯದೆ ಉಳಿಯುವುದನ್ನು ಗುರುತಿಸಿದ. 1957ರಲ್ಲಿ ಜಾನ್ ಕ್ಲೆಮೆಂಟ್ಸ್ ಆ ಎಳೆತವನ್ನು ಅಳೆದು ತೋರಿಸಿದ. 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ ಈ ಕಾಯಿಲೆಯಿಂದ ಸತ್ತ ಮಕ್ಕಳ ಶ್ವಾಸಕೋಶದ ಸತ್ವವನ್ನು ಪರೀಕ್ಷಿಸಿ, ಅದರ ಮೇಲ್ಮೈ ಎಳೆತ ಇಳಿಯುತ್ತಲೇ ಇಲ್ಲ ಎಂದು ಕಂಡುಕೊಂಡರು. ಅಲ್ಲಿಂದಾಚೆಗೆ ಕಾಯಿಲೆಗೆ ಒಂದು ಸ್ಪಷ್ಟ ಕಾರಣ ಸಿಕ್ಕಿತು.

ಕಾರಣ ತಿಳಿದರೂ ಮದ್ದು ಕೈಗೆ ಬರಲಿಲ್ಲ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿದ. ತೂಕ 2 ಕಿಲೋ ದಾಟಿತ್ತು. ಇಂದಾದರೆ ಮೈಸೂರಿನ ಯಾವುದೇ ಒಳ್ಳೆಯ ನವಜಾತ ಘಟಕದಲ್ಲಿ ಉಳಿಯುವ ಮಗು ಎರಡೇ ದಿನದೊಳಗೆ ತೀರಿಕೊಂಡಿತು.

ಮೊದಲ ಮದ್ದು: ತಾಯಿಗೆ ಸ್ಟೀರಾಯ್ಡ್

ಆಕ್ಲೆಂಡ್‌ನ ಗ್ರಹಾಂ ಲಿಗಿನ್ಸ್ ಹುಡುಕುತ್ತಿದ್ದದ್ದು ಬೇರೆಯೇ ಪ್ರಶ್ನೆಯನ್ನು: ಹೆರಿಗೆ ಏಕೆ ಶುರುವಾಗುತ್ತದೆ? ಗರ್ಭದ ಕುರಿಮರಿಗಳಿಗೆ ಸ್ಟೀರಾಯ್ಡ್ ಕೊಟ್ಟಾಗ ಅವು ಬೇಗ ಹುಟ್ಟಿದವು. ಅಷ್ಟು ಮುಂಚೆ ಹುಟ್ಟಿದ ಮರಿಯ ಶ್ವಾಸಕೋಶದಲ್ಲಿ ಗಾಳಿ ಇರಲೇಬಾರದಿತ್ತು, ಆದರೆ ಇತ್ತು. ಈ ಸುಳಿವು ಹಿಡಿದು ಅವನೂ ರಾಸ್ ಹೋವಿಯೂ 282 ತಾಯಂದಿರ ಮೇಲೆ ಬೀಟಾಮೆಥಸೋನ್ ಪ್ರಯೋಗ ನಡೆಸಿ 1972ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಪಡೆದವರ ಮಕ್ಕಳಲ್ಲಿ ಉಸಿರಾಟದ ಕಾಯಿಲೆ ಶೇ 9, ಪಡೆಯದವರಲ್ಲಿ ಶೇ 25.8.

ಸ್ಟೀರಾಯ್ಡ್ ಮಾಡುವುದೇನು? ದಿನ ತುಂಬುವ ಹೊತ್ತಿಗೆ ಮಗುವಿನ ದೇಹದಲ್ಲೇ ಕಾರ್ಟಿಸಾಲ್ ಏರುತ್ತದೆ. ಶ್ವಾಸಕೋಶ ಬಲಿಯಲು ಅದೇ ಸೂಚನೆ. ಇಂಜೆಕ್ಷನ್ ಆ ಸೂಚನೆಯನ್ನು ಮುಂಚಿತವಾಗಿ ಕೊಡುತ್ತದೆ. ಸರ್ಫ್ಯಾಕ್ಟಂಟ್ ತಯಾರಿಸುವ ಕಿಣ್ವಗಳು ಹೆಚ್ಚುತ್ತವೆ, ವಾಯುಕೋಶಗಳ ನಡುವಿನ ದಪ್ಪ ಅಂಗಾಂಶ ತೆಳುವಾಗುತ್ತದೆ, ಗರ್ಭದಲ್ಲಿ ಶ್ವಾಸಕೋಶ ತುಂಬಿದ್ದ ದ್ರವವನ್ನು ಹೀರಿ ತೆಗೆಯುವ ಸೋಡಿಯಂ ದಾರಿಗಳು ಚುರುಕಾಗುತ್ತವೆ. ಹಾಗಾಗಿ ಇದು ಸರ್ಫ್ಯಾಕ್ಟಂಟ್ ಹೆಚ್ಚಿಸುವ ಔಷಧಿ ಮಾತ್ರ ಅಲ್ಲ, ಶ್ವಾಸಕೋಶದ ರಚನೆಯನ್ನೇ ಬದಲಿಸುತ್ತದೆ. ಎಲ್ಲ ಸ್ಟೀರಾಯ್ಡೂ ಇಲ್ಲಿ ಆಗುವುದಿಲ್ಲ. ತಾಯಿಗೆ ಬೇರೆ ಕಾಯಿಲೆಗೆಂದು ಕೊಡುವ ಪ್ರೆಡ್ನಿಸೊಲೋನ್ ಬಹುಪಾಲು ಮಾಸಿನಲ್ಲೇ ನಿಷ್ಕ್ರಿಯವಾಗುತ್ತದೆ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ದಾಟಿಹೋಗುತ್ತವೆ.

ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಕೊಡುವುದು ಡೆಕ್ಸಾಮೆಥಸೋನ್ 6 ಮಿಲಿಗ್ರಾಂ, 12 ಗಂಟೆಗೊಮ್ಮೆ, ಒಟ್ಟು ನಾಲ್ಕು ಡೋಸ್, ಸ್ನಾಯುವಿಗೆ. ಪೂರ್ತಿ ಫಲ ಕಾಣಲು 24 ಗಂಟೆಯಾದರೂ ಬೇಕು, ಏಳು ದಿನ ಕಳೆದರೆ ಅದು ಕುಂದುತ್ತಾ ಬರುತ್ತದೆ. ಲಿಗಿನ್ಸ್ ಅವರ ಲೆಕ್ಕದಲ್ಲೇ ಇದು ಸ್ಪಷ್ಟವಿತ್ತು: 32 ವಾರಕ್ಕೆ ಮುಂಚೆ ಹುಟ್ಟಿ, ಇಂಜೆಕ್ಷನ್ನಿಗೂ ಹೆರಿಗೆಗೂ ನಡುವೆ ಒಂದು ದಿನವಾದರೂ ಸಿಕ್ಕಿದ್ದ ಮಕ್ಕಳಲ್ಲಿ ಕಾಯಿಲೆ ಶೇ 69.6ರಿಂದ 11.8ಕ್ಕೆ ಇಳಿದಿತ್ತು. ಇಷ್ಟಾದರೂ ವೈದ್ಯಲೋಕ ಎರಡು ದಶಕ ಹಿಂಜರಿಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಇದನ್ನು ಗಟ್ಟಿಯಾಗಿ ಶಿಫಾರಸು ಮಾಡಿದ್ದು 1994ರಲ್ಲಿ. ಆ ಹಿಂಜರಿಕೆಯಲ್ಲಿ ಕಳೆದುಹೋದ ಮಕ್ಕಳನ್ನು ನೆನೆದರೆ ಸಂಕಟವಾಗುತ್ತದೆ.

ಬೆಳಗಾವಿಯ ಎರಡು ಉತ್ತರ

ಈ ಮದ್ದು ಅಗ್ಗ, ಎಲ್ಲೆಡೆ ಸಿಗುತ್ತದೆ, ಸೂಜಿ ಹಾಕಬಲ್ಲ ಯಾರಾದರೂ ಕೊಡಬಹುದು. ಹಾಗಿದ್ದಮೇಲೆ ಹಳ್ಳಿಗೇ ಒಯ್ಯೋಣ ಎಂಬುದು ಒಂದು ಪಂಥದ ವಾದ. ಅದನ್ನು ಪರೀಕ್ಷಿಸಿದ್ದೇ ಮೊದಲ ಪ್ರಯೋಗ. ಅರ್ಜೆಂಟೀನಾ, ಗ್ವಾಟೆಮಾಲಾ, ಕೀನ್ಯಾ, ಜಾಂಬಿಯಾ, ಪಾಕಿಸ್ತಾನಗಳ ಜೊತೆ ಭಾರತದ ನಾಗಪುರ ಮತ್ತು ಬೆಳಗಾವಿ ಅದರಲ್ಲಿದ್ದವು. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡ. ಹೆರಿಗೆ ಮಾಡಿಸುವ ಎಲ್ಲ ಹಂತದವರಿಗೂ ತರಬೇತಿ ಮತ್ತು ಔಷಧಿ ಕೊಡಲಾಯಿತು. ಅತಿ ಕಡಿಮೆ ತೂಕದ ಮಕ್ಕಳಲ್ಲಿ ಸಾವು ಇಳಿಯಲಿಲ್ಲ. ಒಟ್ಟು ಜನಸಂಖ್ಯೆಯಲ್ಲಿ ನವಜಾತ ಶಿಶುಗಳ ಸಾವು ಸಾವಿರಕ್ಕೆ 23.9ರಿಂದ 27.4ಕ್ಕೆ ಏರಿತ್ತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು.

ಇಲ್ಲಿ ಆದದ್ದೇನು? ಇಂಜೆಕ್ಷನ್ ಪಡೆದ ಹೆಂಗಸರಲ್ಲಿ ಬಹುಪಾಲು ಮಂದಿ ಅತಿ ಸಣ್ಣ ಮಗುವನ್ನು ಹೆರಲೇ ಇಲ್ಲ. ನೋವು ಬಂದು ನಿಂತಿತು, ಅಥವಾ ವಾರದ ಲೆಕ್ಕವೇ ತಪ್ಪಿತ್ತು. ಕೊನೆಯ ಮುಟ್ಟಿನ ತಾರೀಖು ನೆನಪಿಲ್ಲದ ತಾಯಿಯ ಗರ್ಭ 33 ವಾರದ್ದೋ 37ರದ್ದೋ ಎಂದು ಹೊಟ್ಟೆ ಮುಟ್ಟಿ ಹೇಳುವುದು ಕಷ್ಟ. ಸ್ಟೀರಾಯ್ಡ್ ಬೇಕಿಲ್ಲದ ಮಗುವಿಗೆ ಅದು ತಲುಪಿತು. ಬೇಕಿದ್ದ ಮಗು ಹುಟ್ಟಿದ ಜಾಗದಲ್ಲಿ ಅದರ ಉಸಿರಿಗೆ ಆಸರೆ ಕೊಡುವ ಯಂತ್ರವಿರಲಿಲ್ಲ. ಸಾವು ಏರಿದ್ದೇಕೆ ಎಂಬುದಕ್ಕೆ ಪೂರ್ತಿ ವಿವರಣೆ ಇನ್ನೂ ಇಲ್ಲ. ಸೋಂಕು ಒಂದು ಊಹೆ ಮಾತ್ರ.

ಎರಡನೇ ಪ್ರಯೋಗ ಮೊದಲನೆಯದರ ಲೋಪಗಳನ್ನೇ ಕಟ್ಟಳೆಯಾಗಿ ಇಟ್ಟುಕೊಂಡಿತು. ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ, ಪಾಕಿಸ್ತಾನಗಳ 29 ಆಸ್ಪತ್ರೆ, 2852 ತಾಯಂದಿರು. ಗರ್ಭದ ವಾರವನ್ನು ಸ್ಕ್ಯಾನಿಂಗ್‌ನಿಂದ ಖಚಿತಪಡಿಸಿಕೊಂಡು, 26ರಿಂದ 34 ವಾರದೊಳಗಿನವರಿಗೆ ಮಾತ್ರ, ಹೆರಿಗೆ ಹತ್ತಿರವಿದೆ ಎನಿಸಿದಾಗ ಮಾತ್ರ, ನವಜಾತ ಘಟಕವಿರುವ ಕಡೆ ಮಾತ್ರ ಕೊಟ್ಟರು. ಮೊದಲ 28 ದಿನದೊಳಗಿನ ಸಾವು ಶೇ 23.5ರಿಂದ 19.6ಕ್ಕೆ ಇಳಿಯಿತು. ಫಲ ಸ್ಪಷ್ಟವಾದದ್ದರಿಂದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ತಾಯಂದಿರ ಸೋಂಕು ಹೆಚ್ಚಲಿಲ್ಲ.

ನನ್ನ ಓದಿನಲ್ಲಿ ಇವು ಪರಸ್ಪರ ಸುಳ್ಳಾಗಿಸುವ ಫಲಿತಾಂಶಗಳಲ್ಲ. ಇಂಜೆಕ್ಷನ್ನಿನ ಗುಣ ಬಾಟಲಿಯೊಳಗೆ ಎಷ್ಟಿದೆಯೋ ತಾಯಿ ಕಾರ್ಡಿನಲ್ಲಿ ಬರೆದ ವಾರದ ಲೆಕ್ಕದಲ್ಲಿಯೂ ಅಷ್ಟೇ ಇದೆ. ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಒಂದು ಸ್ಕ್ಯಾನ್ ವಾರವನ್ನು ಕೆಲವೇ ದಿನಗಳ ಅಂತರದಲ್ಲಿ ಹೇಳುತ್ತದೆ. ಏಳನೇ ತಿಂಗಳಲ್ಲಿ ಮಾಡಿಸಿದ್ದು ಎರಡು ಮೂರು ವಾರ ಆಚೀಚೆ ಆಗಬಹುದು. ಎಚ್.ಡಿ. ಕೋಟೆಯ ಹಾಡಿಯ ಹೆಂಗಸಿಗೆ ಮೊದಲ ಸ್ಕ್ಯಾನ್ ಬೇಗ ಸಿಗುವಂತೆ ಮಾಡುವುದು ಶ್ವಾಸಕೋಶದ ಚಿಕಿತ್ಸೆಯ ಭಾಗವೇ ಎಂದು ನಾನು ನಂಬುತ್ತೇನೆ.

ಎರಡನೇ ಮದ್ದು: ಮಗುವಿಗೆ ಸರ್ಫ್ಯಾಕ್ಟಂಟ್

ಇಲ್ಲದ್ದನ್ನು ಹೊರಗಿನಿಂದ ಕೊಡೋಣ ಎಂಬ ಯೋಚನೆ 1960ರ ದಶಕದಲ್ಲೇ ಬಂದಿತ್ತು. ಸರ್ಫ್ಯಾಕ್ಟಂಟಿನ ಮುಖ್ಯ ಕೊಬ್ಬನ್ನು ಮಾತ್ರ ತುಂತುರು ಮಾಡಿ ಉಸಿರಿನಲ್ಲಿ ಕೊಟ್ಟು ನೋಡಿದರು, ಫಲಿಸಲಿಲ್ಲ. ಆ ಕೊಬ್ಬು ಬೇಗ ಹರಡಬೇಕಾದರೆ ಜೊತೆಯ ಪ್ರೋಟೀನುಗಳು ಬೇಕು ಎಂಬುದು ಆಮೇಲೆ ತಿಳಿದದ್ದು. 1980ರಲ್ಲಿ ಜಪಾನಿನ ತೆತ್ಸುರೋ ಫುಜಿವಾರಾ ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನು ಹತ್ತು ಶಿಶುಗಳ ಶ್ವಾಸನಾಳಕ್ಕೆ ನೇರವಾಗಿ ಸುರಿದು ಯಶಸ್ವಿಯಾದರು. ಇಂದು ನಮ್ಮಲ್ಲಿ ಬಳಸುವವೂ ಹಸು ಅಥವಾ ಹಂದಿಯ ಶ್ವಾಸಕೋಶದಿಂದ ಬಂದವೇ.

ಒಂದು ಮಾದರಿ ಪ್ರಕರಣ ಇಟ್ಟುಕೊಂಡು ನೋಡೋಣ. 29 ವಾರದ ಗರ್ಭಿಣಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಬೆಳಗ್ಗೆ ಎಂಟಕ್ಕೆ ಮೊದಲ ಡೋಸ್ ಕೊಟ್ಟು 108ರಲ್ಲಿ ಮೈಸೂರಿಗೆ ಕಳಿಸುತ್ತಾರೆ. ರಾತ್ರಿ ಎಂಟಕ್ಕೆ ಎರಡನೆಯದು. ಮೂರನೆಯದರ ಹೊತ್ತು ಬರುವ ಮುಂಚೆ, ಬೆಳಗಿನ ಜಾವ ನಾಲ್ಕಕ್ಕೆ ಹೆರಿಗೆ. ಮಗು 1.2 ಕಿಲೋ. ಎರಡೇ ಡೋಸ್ ಆದರೂ 20 ಗಂಟೆ ಸಿಕ್ಕಿದೆ, ಅದರ ಲಾಭ ಇದ್ದೇ ಇದೆ. ಅಳುತ್ತದೆ, ಆದರೆ ಮುಲುಕು ಶುರುವಾಗುತ್ತದೆ. ಕೂಡಲೇ ಸಿಪ್ಯಾಪ್ ಹಾಕುತ್ತಾರೆ. ಮೂಗಿನ ಎರಡು ಹೊಳ್ಳೆಗೆ ಮೆತ್ತನೆಯ ಪುಟ್ಟ ನಳಿಕೆ. ಬೆಚ್ಚಗಿನ ಒದ್ದೆ ಗಾಳಿ ಅದರಲ್ಲಿ ಹರಿದು, ಕೊಳವೆಯ ಇನ್ನೊಂದು ತುದಿ ನೀರಿನ ಬಾಟಲಿಯೊಳಗೆ 6 ಸೆಂಟಿಮೀಟರ್ ಮುಳುಗಿ ಗುಳುಗುಳು ಗುಳ್ಳೆ ಬಿಡುತ್ತಿರುತ್ತದೆ. ಮುಳುಗಿದ ಆಳವೇ ಮಗುವಿನ ಎದೆಯೊಳಗಿನ ಒತ್ತಡ. ಗುಳ್ಳೆ ನಿಂತರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ. ನರ್ಸ್ ಮೊದಲು ನೋಡುವುದು ಅದನ್ನೇ.

ಎರಡು ಗಂಟೆ ಕಳೆಯಿತು. ರಕ್ತದ ಆಮ್ಲಜನಕ 90–95ರಲ್ಲಿ ನಿಲ್ಲಿಸಲು ಕೊಡುವ ಗಾಳಿಯಲ್ಲಿ ಶೇ 25 ಆಮ್ಲಜನಕ ಸಾಕಾಗಿದ್ದದ್ದು ಈಗ ಶೇ 40 ಬೇಕಾಗುತ್ತಿದೆ. ಶೇ 30 ದಾಟಿ ಏರುತ್ತಲೇ ಹೋದರೆ ಸರ್ಫ್ಯಾಕ್ಟಂಟ್ ಕೊಡಬೇಕೆಂಬುದು ಈಗಿನ ಸಾಮಾನ್ಯ ನಿಯಮ. ಹಂದಿಯ ಮೂಲದ ಸರ್ಫ್ಯಾಕ್ಟಂಟಾದರೆ ಕಿಲೋಗೆ 200 ಮಿಲಿಗ್ರಾಂ: 1.2 ಕಿಲೋಗೆ 240 ಮಿಲಿಗ್ರಾಂ, ಅಂದರೆ 3 ಮಿಲಿಲೀಟರ್, ಸರಿಯಾಗಿ ಒಂದು ದೊಡ್ಡ ವಯಲ್. ಫ್ರಿಜ್ಜಿನಿಂದ ತೆಗೆದ ಹಾಲು ಬಣ್ಣದ ದ್ರವವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಕುಲುಕದೆ ನಿಧಾನವಾಗಿ ಮಗುಚಿ, ಸಿರಿಂಜಿಗೆಳೆದು, ಮಗು ತಾನೇ ಉಸಿರಾಡುತ್ತಿರುವಾಗಲೇ ತೆಳ್ಳಗಿನ ಕೊಳವೆಯಿಂದ ಶ್ವಾಸನಾಳಕ್ಕೆ ಬಿಡುತ್ತಾರೆ. ಕೆಲವು ಕ್ಷಣ ಆಮ್ಲಜನಕ ಇಳಿಯಬಹುದು, ಎದೆಬಡಿತ ನಿಧಾನವಾಗಬಹುದು. ಅರ್ಧ ಗಂಟೆಯೊಳಗೆ ಶೇ 40 ಬೇಕಿದ್ದದ್ದು ಶೇ 25ಕ್ಕೆ ಇಳಿಯುತ್ತದೆ. ಸ್ಟೀರಾಯ್ಡ್ ಗಂಟೆಗಳಲ್ಲಿ ಮಾಡಿದ್ದರ ಮೇಲೆ ಇದು ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಮಗುವಿನ ಟೈಪ್ 2 ಕೋಶಗಳು ಕೊಟ್ಟ ಸರ್ಫ್ಯಾಕ್ಟಂಟನ್ನು ಹೀರಿಕೊಂಡು ಮತ್ತೆ ಬಳಸುವುದರಿಂದ ಅನೇಕ ಮಕ್ಕಳಿಗೆ ಒಂದೇ ಡೋಸ್ ಸಾಕು.

ಕೆಡುವ ದಾರಿಗಳೂ ಇವೆ. ಉಸಿರಿನ ಕೊಳವೆ ಆಳಕ್ಕೆ ಹೋದರೆ ಔಷಧಿಯೆಲ್ಲ ಬಲ ಶ್ವಾಸಕೋಶಕ್ಕೇ ಇಳಿಯುತ್ತದೆ. ಎಡಗಡೆ ಗಾಳಿಯ ಸದ್ದು ಕೇಳಿಸದು. ವೆಂಟಿಲೇಟರಿನ ಮೇಲಿರುವ ಮಗುವಾದರೆ ಶ್ವಾಸಕೋಶ ದಿಢೀರನೆ ಮೆತ್ತಗಾದದ್ದು ಗಮನಿಸದೆ ಒತ್ತಡ ಹಾಗೇ ಬಿಟ್ಟರೆ ಗೋಡೆ ಒಡೆದು ಗಾಳಿ ಎದೆಗೂಡಿಗೆ ಸೋರುತ್ತದೆ. ಆಮ್ಲಜನಕ ಅತಿಯಾದರೆ ಕಣ್ಣಿನ ರೆಟಿನಾಕ್ಕೆ ಹಾನಿ. ಔಷಧಿ ಕೊಟ್ಟ ಮೊದಲ ಗಂಟೆ ಮಗುವಿನ ಪಕ್ಕದಿಂದ ಯಾರೂ ಕದಲಬಾರದು.

ಎಲ್ಲರಿಗೂ ಕೊಡಬೇಕೆ, ಕಾದು ಕೊಡಬೇಕೆ

1990ರ ಸುಮಾರಿಗೆ ಸರ್ಫ್ಯಾಕ್ಟಂಟ್ ಮಾರುಕಟ್ಟೆಗೆ ಬಂದಾಗ, ಅತಿ ಮುಂಚೆ ಹುಟ್ಟಿದ ಪ್ರತಿ ಮಗುವಿಗೂ ಕೂಡಲೇ ಕೊಡಬೇಕೆಂಬ ಪಂಥ ಗೆದ್ದಿತ್ತು. 2008 ಮತ್ತು 2010ರ ಎರಡು ದೊಡ್ಡ ಪ್ರಯೋಗಗಳ ನಂತರ ಮೊದಲು ಸಿಪ್ಯಾಪ್, ಬೇಕಾದರೆ ಸರ್ಫ್ಯಾಕ್ಟಂಟ್ ಎಂಬ ಪಂಥ ಮುಂದೆ ಬಂತು. ಹಳಬರು ತಪ್ಪಿದರು ಎಂದಲ್ಲ. ಹಳೆಯ ಪ್ರಯೋಗಗಳ ಕಾಲದಲ್ಲಿ ಸ್ಟೀರಾಯ್ಡ್ ಪಡೆದ ತಾಯಂದಿರು ಕಡಿಮೆ, ಹೊಸ ಪ್ರಯೋಗಗಳಲ್ಲಿ ಬಹುಪಾಲು ಎಲ್ಲರೂ ಪಡೆದಿದ್ದರು. ಒಂದು ಮದ್ದು ಇನ್ನೊಂದರ ಅಗತ್ಯವನ್ನು ಕಡಿಮೆ ಮಾಡಿತ್ತು. ಇದು ನಮಗೆ ಬಹಳ ಮುಖ್ಯ. ತಾಯಿಗೆ ಒಂದೂ ಡೋಸ್ ಸಿಗದೆ ಹುಟ್ಟಿದ ಮಗುವಿನ ವಿಷಯದಲ್ಲಿ ಶ್ರೀಮಂತ ದೇಶಗಳ ‘ಕಾದು ನೋಡು’ ನಿಯಮವನ್ನು ಕಣ್ಣುಮುಚ್ಚಿ ಅನುಸರಿಸಬಾರದು.

ಇನ್ನೂ ತೀರ್ಮಾನವಾಗದವು

34ರಿಂದ 36 ವಾರದ ಮಕ್ಕಳಿಗೂ ಸ್ಟೀರಾಯ್ಡ್ ಬೇಕೆ ಎಂಬುದು ಮೊದಲನೆಯದು. 2016ರ ಅಮೆರಿಕನ್ ಪ್ರಯೋಗದಲ್ಲಿ ಉಸಿರಾಟದ ತೊಂದರೆ ಶೇ 14.4ರಿಂದ 11.6ಕ್ಕೆ ಇಳಿಯಿತು, ಆದರೆ ಹುಟ್ಟಿದ ಮಗುವಿನಲ್ಲಿ ಸಕ್ಕರೆ ಇಳಿಯುವುದು ಶೇ 15ರಿಂದ 24ಕ್ಕೆ ಏರಿತು. ಹುಟ್ಟಿದ ಮಕ್ಕಳ ಸಕ್ಕರೆಯನ್ನು ಗಂಟೆಗಂಟೆಗೆ ನೋಡಲಾಗದ ಆಸ್ಪತ್ರೆಯಲ್ಲಿ ಈ ವ್ಯಾಪಾರ ಲಾಭದ್ದೇ ಎಂದು ಹೇಳಲಾರೆ. ಡೋಸ್ ಎಷ್ಟಿರಬೇಕು ಎಂಬುದೂ 1972ರ ಆಯ್ಕೆಯ ಮೇಲೆಯೇ ನಿಂತಿದೆ. ಅರ್ಧ ಡೋಸ್ ಅಷ್ಟೇ ಫಲ ಕೊಡುತ್ತದೆಯೇ ಎಂದು ಫ್ರಾನ್ಸಿನಲ್ಲಿ ನೋಡಿದರು; ಕೊಡುತ್ತದೆ ಎಂದು ಸಾಬೀತಾಗಲಿಲ್ಲ.

ಇನ್ನೊಂದು, ದೂರದ ಪರಿಣಾಮ. ಸ್ಟೀರಾಯ್ಡ್ ಪಡೆದೂ ದಿನ ತುಂಬಿಯೇ ಹುಟ್ಟಿದ ಮಕ್ಕಳಲ್ಲಿ ಮುಂದೆ ವರ್ತನೆಯ ತೊಂದರೆಗಳು ಹೆಚ್ಚು ದಾಖಲಾಗಿವೆ ಎಂದು ಫಿನ್ಲೆಂಡಿನ 2020ರ ಅಧ್ಯಯನ ಹೇಳಿತು. ಅದು ದಾಖಲೆಗಳ ಅಧ್ಯಯನ, ಕಾರಣವನ್ನು ತೋರಿಸದು. ಆದರೂ ಬೇಡದವರಿಗೆ ಕೊಡಬೇಡಿ ಎಂಬ ವಾದಕ್ಕೆ ಅದು ಬಲ ಕೊಟ್ಟಿದೆ.

ಶ್ವಾಸಕೋಶದ ದೂರದ ಭವಿಷ್ಯದ ಪ್ರಶ್ನೆಗೆ ಮೈಸೂರೇ ಒಂದು ಹಳೆಯ ಸುಳಿವು ಕೊಟ್ಟಿದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿತ್ತು. ಸಂಶೋಧಕರು ಆ ದಾಖಲೆಗಳನ್ನು ಹಿಡಿದು 38ರಿಂದ 59 ವಯಸ್ಸಿನ 286 ಮಂದಿಯನ್ನು ಹುಡುಕಿ ಊದುವ ಪರೀಕ್ಷೆ ಮಾಡಿಸಿದರು. 1997ರಲ್ಲಿ ಪ್ರಕಟವಾದ ಫಲಿತಾಂಶ: ಹುಟ್ಟಿದಾಗ ತೂಕ ಕಡಿಮೆ ಇದ್ದವರ ಶ್ವಾಸಕೋಶದ ಸಾಮರ್ಥ್ಯ ನಡುವಯಸ್ಸಿನಲ್ಲೂ ಕಡಿಮೆ. ಅವರು ಕಡಿಮೆ ತೂಕದವರು, ಎಲ್ಲರೂ ಮುಂಚೆ ಹುಟ್ಟಿದವರಲ್ಲ. ಸ್ಟೀರಾಯ್ಡ್ ಆಗಲೀ ಸರ್ಫ್ಯಾಕ್ಟಂಟ್ ಆಗಲೀ ಇಲ್ಲದ ಕಾಲದಲ್ಲಿ ತಾವಾಗಿ ಬದುಕಿ ಉಳಿದವರು. ಈ ಎರಡು ಮದ್ದುಗಳಿಂದ ಉಳಿದ 27, 28 ವಾರದ ಮಕ್ಕಳಲ್ಲಿ ವಾಯುಕೋಶಗಳು ಮುಂದೆ ಪೂರ್ತಿ ಕವಲೊಡೆಯುತ್ತವೆಯೇ, ಇಲ್ಲವೇ ಕಡಿಮೆ ಸಂಖ್ಯೆಯ ದೊಡ್ಡ ಚೀಲಗಳಾಗಿ ಉಳಿಯುತ್ತವೆಯೇ? ಸರ್ಫ್ಯಾಕ್ಟಂಟಿನ ಜೊತೆ ಬುಡೆಸೊನೈಡ್ ಬೆರೆಸಿ ಕೊಟ್ಟರೆ ಈ ದೀರ್ಘಕಾಲದ ಹಾನಿ ತಪ್ಪೀತೇ ಎಂದು ನೋಡಿದ 2024ರ ದೊಡ್ಡ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಹೋಲ್ಡ್ಸ್‌ವರ್ತ್ ದಾಖಲೆಯಿಂದ ನಡುವಯಸ್ಸಿನವರನ್ನು ಹುಡುಕಿದಂತೆ, ಮೈಸೂರಿನ ಇಂದಿನ ನವಜಾತ ಘಟಕಗಳಿಂದ ಮನೆಗೆ ಹೋದ ಮಕ್ಕಳನ್ನೂ ಹತ್ತು, ಇಪ್ಪತ್ತು, ನಲವತ್ತರ ವಯಸ್ಸಿನಲ್ಲಿ ಹುಡುಕಿ ಊದಿಸಿ ನೋಡಿದರೆ ಮಾತ್ರ ಇದಕ್ಕೆ ಉತ್ತರ ಸಿಗುವುದು.